ಹೂವಿನ ನಡುವಿನ ಗಂಟು

ಕಸೂತಿ ಹೂವಿನ ಎಸಳು ಸ್ವಲ್ಪ ವಾರೆಯಾದರೆ ಯಾರೂ ಕೇಳುವುದಿಲ್ಲ, ಹೂವೇ ಹಾಗೆ ಅಂದುಕೊಳ್ಳುತ್ತಾರೆ. ನಡುವೆ ಸೂಜಿಗೆ ದಾರ ಸುತ್ತಿ ಹಾಕಿದ ಫ್ರೆಂಚ್ ನಾಟ್‌ಗಳಲ್ಲಿ ಒಂದು ಕಡಲೆಯಷ್ಟು, ಪಕ್ಕದ್ದು ಸಾಸಿವೆಯಷ್ಟು ಆಯಿತೋ, ಮದುವೆಮನೆಯಲ್ಲಿ ಎದುರು ಕೂತವರ ಕಣ್ಣು ನೆಟ್ಟಗೆ ಅಲ್ಲಿಗೇ. ಬ್ಲೌಸಿನ ಎರಡೂ ತೋಳಿಗೆ ಅದೇ ಹೂವಿದ್ದರಂತೂ ಹೋಲಿಸಿ ನೋಡಲು ಅವರಿಗೆ ಇನ್ನೂ ಅನುಕೂಲ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಹಿಂದೆ ಕೂಡ ಗಂಟು ಕಾಣಬಾರದು. ಇಲ್ಲಿ ಗಂಟನ್ನೇ ಮುಂದೆ ತಂದು ಕೂರಿಸಿದ್ದೇವೆ, ಜವಾಬ್ದಾರಿ ಜಾಸ್ತಿ.

ಗಂಟು ದಪ್ಪ ಬೇಕೆಂದು ಸೂಜಿಗೆ ನಾಲ್ಕೈದು ಸುತ್ತು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸುತ್ತು ಹೆಚ್ಚಿದಷ್ಟೂ ಗಂಟು ವಾಲುತ್ತದೆ, ಅದೂ ಒಂದೊಂದು ಒಂದೊಂದು ಕಡೆಗೆ. ಸುತ್ತು ಎರಡಕ್ಕೇ ನಿಲ್ಲಿಸಿ, ಎರಡೆಳೆಯ ಬದಲು ಮೂರೆಳೆ ಪೋಣಿಸಿದರೆ ಗಂಟು ದಪ್ಪವೂ ಆಗುತ್ತದೆ, ದುಂಡಗೂ ಇರುತ್ತದೆ. ಇನ್ನುಳಿದದ್ದು ಎಡಗೈಯ ಕೆಲಸ. ದಾರ ಮೇಲೆ ಬಂದ ತೂತಿನಲ್ಲೇ ಸೂಜಿ ಇಳಿಸಿದರೆ ಗಂಟು ಪುಸಕ್ಕನೆ ಹಿಂದಕ್ಕೆ ಜಾರುತ್ತದೆ. ಬಟ್ಟೆಯ ಒಂದೆರಡು ನೂಲು ಬಿಟ್ಟು ಚುಚ್ಚಬೇಕು. ಸೂಜಿ ಅರ್ಧ ಇಳಿದಾಗ ಎಡಗೈಯಿಂದ ದಾರವನ್ನು ಎಳೆದು, ಸುತ್ತುಗಳನ್ನು ಬಟ್ಟೆಗೆ ತಾಗಿಸಿ, ಕೊನೆಯವರೆಗೂ ಹಿಡಿತ ಬಿಡದೆ ಸೂಜಿಯನ್ನು ಕೆಳಗೆ ಎಳೆಯಬೇಕು. ಒಂದು ಗಂಟಿಗೆ ಬಿಗಿಯಾಗಿ, ಇನ್ನೊಂದಕ್ಕೆ ಸಡಿಲವಾಗಿ ಹಿಡಿದರೆ ಸುತ್ತು ಎಣಿಸಿ ಹಾಕಿದ್ದೂ ದಂಡ.

ದಾರದ ಉದ್ದವೂ ಆಟವಾಡಿಸುತ್ತದೆ. ಮೊಳಕ್ಕಿಂತ ಉದ್ದ ತೆಗೆದರೆ ಬಟ್ಟೆಗೆ ಉಜ್ಜಿ ಉಜ್ಜಿ ಕೊನೆಗೆ ಸವೆದು, ಕಡೆಯ ಗಂಟುಗಳು ಬಡವಾಗುತ್ತವೆ. ಹುರಿ ಜಾಸ್ತಿಯಾದರೂ ಅಷ್ಟೇ. ಆಗಾಗ ಸೂಜಿಯನ್ನು ಇಳಿಬಿಟ್ಟರೆ ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ.

ಗುಲಾಬಿಯ ನಡುವಿಗಾದರೆ ಸೂಜಿಗೆ ದಾರವನ್ನು ಉದ್ದಕ್ಕೆ ಸುತ್ತಿ ಸುರುಳಿಯಾಗಿ ಮಲಗಿಸುವ ಬುಲಿಯನ್ ಹೊಲಿಗೆ ಬೇಕು, ಗಾಢ ಬಣ್ಣದ ಮೂರು ಪುಟ್ಟ ಸುರುಳಿ ಒಟ್ಟೊಟ್ಟಿಗೆ. ಇದಕ್ಕೆ ಮಾಮೂಲಿ ಕಸೂತಿ ಸೂಜಿ ಕಷ್ಟ. ಅದರ ಕಣ್ಣಿನ ಭಾಗ ದಪ್ಪ, ಸುರುಳಿಯೊಳಗೆ ನುಸುಳುವಾಗ ಸುತ್ತುಗಳನ್ನೆಲ್ಲ ಚದುರಿಸುತ್ತದೆ. ಮಿಲಿನರ್ ಸೂಜಿ ಮೊನೆಯ ಹತ್ತಿರದಿಂದ ಕಣ್ಣಿನವರೆಗೂ ಹೆಚ್ಚುಕಡಿಮೆ ಒಂದೇ ದಪ್ಪ. ಹೊಲಿಗೆಯ ಎರಡು ತುದಿಗೂ ಮೊದಲೇ ಅಳೆದು ಚುಕ್ಕಿ ಇಡುವುದು ಒಳ್ಳೆಯದು, ನಾಲ್ಕು ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಸೂಜಿಯ ಮೇಲಿನ ಸುರುಳಿಯನ್ನು ಬಟ್ಟೆಯ ಮೇಲೆ ಮಲಗಿಸಿ ನೋಡಿದರೆ ಎಷ್ಟು ಸುತ್ತು ಸಾಕೆಂದು ಗೊತ್ತಾಗುತ್ತದೆ. ಚುಕ್ಕಿಯಿಂದ ಚುಕ್ಕಿಗೆ ಸರಿಯಾಗಿದ್ದರೆ ನೆಟ್ಟಗೆ ಮಲಗುತ್ತದೆ, ಒಂದೆರಡು ಸುತ್ತು ಹೆಚ್ಚಿದರೆ ಬಾಗುತ್ತದೆ. ಕಡಿಮೆಯಾದರೆ ತುದಿಯಲ್ಲಿ ಬೋಳು ದಾರ ಹಲ್ಲು ಕಿರಿಯುತ್ತದೆ. ಮೊದಲ ಸುರುಳಿಯ ಎಣಿಕೆಯನ್ನು ಚೀಟಿಯಲ್ಲಿ ಬರೆದಿಡಿ, ಎರಡನೆಯ ತೋಳಿಗೆ ಕೈಹಾಕುವ ಹೊತ್ತಿಗೆ ಖಂಡಿತ ಮರೆತಿರುತ್ತದೆ.

ಇಷ್ಟೆಲ್ಲ ಆದಮೇಲೆ ಇಸ್ತ್ರಿ. ದಪ್ಪ ಟವೆಲಿನ ಮೇಲೆ ಕಸೂತಿಯನ್ನು ಬೋರಲು ಹಾಕಿ ಹಿಂಬದಿಯಿಂದಲೇ ತಿಕ್ಕಬೇಕು. ಇಸ್ತ್ರಿ ಅಂಗಡಿಗೆ ಕೊಡುವುದಾದರೆ ಇದನ್ನು ಎರಡು ಸಲ ಹೇಳಿ ಕೊಡಿ.