ಕಪ್ಪು ಅಂಚು ತೆಗೆಯೋಕೆ ಹೋಗಿ ತೋರಣ ಕತ್ತರಿಸಬೇಡಿ

ಆಟೋ ಕ್ರಾಪ್ ಅನ್ನೋ ಬಟನ್ ಮೇಲೆ ನನಗೆ ಒಂದು ತಕರಾರಿದೆ. ಅದು ಅಳತೆ ತೆಗೆಯೋ ಕೆಲಸವನ್ನೂ ಕತ್ತರಿಸೋ ಕೆಲಸವನ್ನೂ ಒಟ್ಟಿಗೇ ಮಾಡಿಬಿಡುತ್ತದೆ. ಎಷ್ಟು ಕತ್ತರಿಸಿದೆ ಅಂತ ಹೇಳುವುದಿಲ್ಲ. ಹಳೇ ಫೋಟೊ ಸ್ಕ್ಯಾನ್ ಮಾಡಿದಾಗ ಸುತ್ತ ಉಳಿಯುವ ಕಪ್ಪು ಪಟ್ಟಿ ಹೋಯಿತು ಅಂತ ನಾವು ಖುಷಿಪಡುತ್ತೇವೆ. ಅದರ ಜೊತೆ ಫೋಟೊದ ಒಂದು ಪಟ್ಟಿಯೂ ಹೋಗಿರುತ್ತದೆ ಅನ್ನೋದು ಗೊತ್ತಾಗುವುದೇ ಇಲ್ಲ.

ನಮ್ಮ ಸೋದರಮಾವನ ಮದುವೆ ಫೋಟೊಗೆ ಆಗಿದ್ದು ಇದೇ. 1974ರ ಕಪ್ಪು ಬಿಳುಪು ಫೋಟೊ, ರಾತ್ರಿ ಚಪ್ಪರದಲ್ಲಿ ಫ್ಲ್ಯಾಶ್ ಹಾಕಿ ತೆಗೆದದ್ದು. ಮೂಲ ಪ್ರತಿ ದಾವಣಗೆರೆಯಲ್ಲಿ ದೊಡ್ಡಮಾವನ ಹತ್ತಿರ ಇದೆ. ಅಲ್ಲಿ ಯಾರೋ ಸ್ಕ್ಯಾನರ್ ಮುಚ್ಚಳ ತೆರೆದಿಟ್ಟೇ ಸ್ಕ್ಯಾನ್ ಮಾಡಿ ಕಳಿಸಿದರು. ಸುತ್ತ ಕಪ್ಪು ಅಂಚು, ಸಾಲದ್ದಕ್ಕೆ ಫೋಟೊ ಸ್ವಲ್ಪ ಓರೆ. ಮಲ್ಲೇಶ್ವರದ ಒಂದು ಅಂಗಡಿಗೆ ಫ್ರೇಮ್ ಹಾಕಿಸೋಕೆ ಕೊಟ್ಟರು. ಅವರು ಅಂಚು ನೀಟಾಗಿ ತೆಗೆದುಕೊಟ್ಟರು. ಮನೆಗೆ ತಂದ ಮೇಲೆ ಅತ್ತೆ ನೋಡಿ ಕೇಳಿದ್ದು ಒಂದೇ ಮಾತು: "ಮೇಲೆ ಮಾವಿನ ತೋರಣ ಇತ್ತಲ್ಲೋ, ಅದೆಲ್ಲಿ?"

ತೋರಣ ಯಾಕೆ ಹೋಯಿತು? ಫ್ಲ್ಯಾಶ್ ಬೆಳಕು ಮುಂದೆ ಕೂತ ಮದುಮಕ್ಕಳ ಮೇಲೆ ಬಿದ್ದಿತ್ತು, ಚಪ್ಪರದ ಮೇಲುಭಾಗಕ್ಕೆ ತಲುಪಿರಲಿಲ್ಲ. ಅಲ್ಲಿ ಎಡದಿಂದ ಬಲಕ್ಕೆ ಪೂರ್ತಿ ಕತ್ತಲು. ಆ ಕತ್ತಲಲ್ಲಿ ತೋರಣ ಕಂಡೂ ಕಾಣದ ಹಾಗೆ ಮಸುಕಾಗಿತ್ತು. ಸಾಫ್ಟ್‌ವೇರಿಗೆ ಅಂಚಿನ ಕಪ್ಪೂ ಚಪ್ಪರದ ಕಪ್ಪೂ ಒಂದೇ ಅನಿಸಿತು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಇಂಥ ಸಾಫ್ಟ್‌ವೇರ್ ಅಂಚನ್ನು ತೆಗೆಯುವಾಗ ಅಡ್ಡಸಾಲು, ಉದ್ದಸಾಲುಗಳನ್ನು ಇಡಿಯಾಗಿ ನೋಡುತ್ತದೆ. ಒಂದು ಸಾಲಿನಲ್ಲಿ ಇರುವ ಪಿಕ್ಸೆಲ್‌ಗಳೆಲ್ಲ ಅಂಚಿನ ಬಣ್ಣವೇ ಆಗಿದ್ದರೆ ಆ ಸಾಲು ಹೋಗುತ್ತದೆ. ಒಂದೇ ಒಂದು ಪಿಕ್ಸೆಲ್ ಬೇರೆಯಾಗಿದ್ದರೂ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಫೋಟೊದ ಪಕ್ಕದಲ್ಲಿ ಯಾರಾದರೂ ಕಪ್ಪು ಕೋಟು ಹಾಕಿ ನಿಂತಿದ್ದರೆ ತೊಂದರೆ ಇಲ್ಲ. ಕೋಟಿನ ಮೇಲೆ ಮುಖ ಇದೆಯಲ್ಲ, ಅದು ಕಾಪಾಡುತ್ತದೆ. ಒಂದು ಬದಿ ಪೂರ್ತಿ ಕತ್ತಲಾಗಿದ್ದಾಗ ಮಾತ್ರ ಕಷ್ಟ. ಇದರ ಉಲ್ಟಾ ಕಷ್ಟವೂ ಇದೆ. ಸ್ಕ್ಯಾನರ್ ಗಾಜಿನ ಮೇಲೆ ಒಂದು ಧೂಳಿನ ಕಣ ಬಿದ್ದಿದ್ದರೆ, ಅದು ಕಪ್ಪು ಅಂಚಿನಲ್ಲಿ ಬಿಳಿ ಚುಕ್ಕೆಯಾಗಿ ಕಂಡು, ಅಂಚು ಪೂರ್ತಿ ಹೋಗದೆ ಅಲ್ಲೇ ನಿಂತುಬಿಡುತ್ತದೆ. ಆಗ ಜನ ಏನು ಮಾಡುತ್ತಾರೆ? ಅಂಚಿನ ಬಣ್ಣಕ್ಕಿಂತ ಎಷ್ಟು ಬೇರೆಯಾದರೂ ಅಂಚು ಅಂತಲೇ ಎಣಿಸಬೇಕು ಅನ್ನೋ ಸಡಿಲಿಕೆಯನ್ನು ಅಂಚು ಹೋಗುವವರೆಗೂ ಜಾಸ್ತಿ ಮಾಡುತ್ತಾ ಹೋಗುತ್ತಾರೆ. ಧೂಳು ಸೋಲುತ್ತದೆ, ತೋರಣವೂ ಹೋಗುತ್ತದೆ.

ನಾನು ಈ ಕೆಲಸಕ್ಕೆ ಬಳಸೋದು ಇಮೇಜ್‌ಮ್ಯಾಜಿಕ್. ಪುಕ್ಕಟೆ ಸಿಗುತ್ತದೆ, ಬಟನ್‌ಗಳಿಲ್ಲ, ಆಜ್ಞೆ ಟೈಪ್ ಮಾಡಬೇಕು. ಇದರಲ್ಲಿ ಅಳತೆ ಬೇರೆ, ಕತ್ತರಿ ಬೇರೆ ಮಾಡಬಹುದು, ಅದಕ್ಕೇ ಇಷ್ಟ.

ಮೊದಲು ಫೋಟೊ ನಿಜವಾಗಿ ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೆ ಕಾಣಬೇಕು. ಕಪ್ಪು ಅಂತ ನಾವು ಸುಮ್ನೆ ಹೇಳುತ್ತೇವೆ, ಆದರೆ ಎರಡು ಕಪ್ಪು ಒಂದೇ ಅಲ್ಲ. ಮುಚ್ಚಳ ತೆರೆದಿದ್ದರೆ ಸ್ಕ್ಯಾನರಿನ ಬೆಳಕು ಮೇಲೆ ಹೋಗಿ ವಾಪಸ್ ಬರುವುದೇ ಇಲ್ಲ, ಅದು ಬರೀ ಖಾಲಿ. ಫೋಟೊ ಕಾಗದದ ಅತಿ ಕಪ್ಪು ಜಾಗ ಕೂಡ ಒಂಚೂರು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಈ ಸ್ಕ್ಯಾನಿನಲ್ಲಿ, 0 ಅಂದರೆ ಕಡುಕಪ್ಪು, 255 ಅಂದರೆ ಬಿಳಿ ಅಂತ ಇಟ್ಟುಕೊಂಡರೆ, ಅಂಚು 3ರಿಂದ 6ರಷ್ಟಿತ್ತು. ಚಪ್ಪರದ ಕತ್ತಲು 22ರಿಂದ 28. ಮಾಮೂಲಿ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕತ್ತಲನ್ನು ಮಾತ್ರ ಹಿಗ್ಗಿಸಿ ಒಂದು ನೋಡುವ ಪ್ರತಿ ಮಾಡಿಕೊಂಡರೆ ಬೇರೆ ಬೇರೆ ಅಂತ ತಕ್ಷಣ ಗೊತ್ತಾಗುತ್ತದೆ.

```
magick maduve.tif -level 0,15% nodu.png
```

ಇದನ್ನು ತೆರೆದಾಗ ಅಂಚು ಕಪ್ಪಾಗಿಯೇ ಉಳಿದಿತ್ತು, ಚಪ್ಪರ ಬೂದು ಬಣ್ಣಕ್ಕೆ ತಿರುಗಿತ್ತು. ತೋರಣದ ಎಲೆಗಳು ಒಂದೊಂದಾಗಿ ಎಣಿಸೋ ಹಾಗೆ ಕಂಡವು. ಫೋಟೊದ ಮೇಲಂಚು ಗೆರೆ ಎಳೆದ ಹಾಗೆ ಸ್ಪಷ್ಟ.

ಮುಂದೆ ಓರೆ ಸರಿ ಮಾಡಬೇಕು. ಇದನ್ನು ಕತ್ತರಿಸೋ ಮೊದಲೇ ಮಾಡಬೇಕು, ಯಾಕೆಂದರೆ ಓರೆಯಾದ ಫೋಟೊಗೆ ನೇರ ಚೌಕ ಹಾಕಿದರೆ ಒಂದೋ ಮೂಲೆಗಳಲ್ಲಿ ಕಪ್ಪು ಉಳಿಯುತ್ತದೆ, ಇಲ್ಲ ಫೋಟೊ ಹೋಗುತ್ತದೆ. ತಾನಾಗಿಯೇ ಓರೆ ತಿದ್ದುವ `-deskew` ಅಂತ ಒಂದಿದೆ. ಅಕ್ಷರ ತುಂಬಿದ ಪುಟಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಫೋಟೊಗೆ ನಾನು ನಂಬುವುದಿಲ್ಲ. ಕೈಲೆಕ್ಕವೇ ವಾಸಿ. ನೋಡುವ ಪ್ರತಿಯನ್ನು ಗಿಂಪ್ ಅನ್ನೋ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆರೆದು, ಫೋಟೊದ ಎಡ ಅಂಚಿನ ಮೇಲ್ತುದಿ, ಕೆಳತುದಿ ಎರಡರ ಮೇಲೂ ಮೌಸ್ ಇಟ್ಟರೆ ಸಂಖ್ಯೆ ಕೆಳಗೆ ಕಾಣುತ್ತದೆ. ಮೇಲೆ ಎಡದಿಂದ 120 ಪಿಕ್ಸೆಲ್ ಇತ್ತು, ಕೆಳಗೆ ಬರುವಷ್ಟರಲ್ಲಿ 164. ಅಂದರೆ ಸುಮಾರು 3600 ಸಾಲು ಇಳಿಯುವಾಗ 44 ಪಿಕ್ಸೆಲ್ ಬಲಕ್ಕೆ ಸರಿದಿದೆ. ಇದು 0.7 ಡಿಗ್ರಿ. ತಲೆ ಎಡಕ್ಕೆ ವಾಲಿದೆ, ಗಡಿಯಾರದ ಮುಳ್ಳು ಸುತ್ತುವ ಕಡೆಗೆ ತಿರುಗಿಸಬೇಕು.

```
magick maduve.tif -background black -rotate 0.7 +repage nera.tif
```

ಒಂದೇ ಸಲ ತಿರುಗಿಸಿ. ಸರಿಯಾಗಲಿಲ್ಲ ಅಂದರೆ ತಿರುಗಿಸಿದ್ದನ್ನೇ ಮತ್ತೆ ತಿರುಗಿಸಬೇಡಿ, ಮೂಲ ಸ್ಕ್ಯಾನಿನಿಂದ ಶುರು ಮಾಡಿ. ಪ್ರತಿ ಸಲ ತಿರುಗಿಸಿದಾಗಲೂ ಚಿತ್ರ ಒಂಚೂರು ಮೆತ್ತಗಾಗುತ್ತದೆ.

ಈಗ ಅಳತೆ. ಇಲ್ಲಿ ಏನನ್ನೂ ಕತ್ತರಿಸುತ್ತಿಲ್ಲ, ಎಲ್ಲಿ ಕತ್ತರಿಸಬೇಕು ಅಂತ ಕೇಳುತ್ತಿದ್ದೇವೆ ಅಷ್ಟೇ.

```
magick nera.tif -statistic Median 11x11 -bordercolor black -border 1x1 -fuzz 5% -format "%@\n" info:
```

`Median` ಧೂಳಿನ ಕಣಗಳನ್ನು ನುಂಗಿಹಾಕುತ್ತದೆ. ಇದಕ್ಕೆ ಬ್ಲರ್ ಬಳಸುವವರೂ ಇದ್ದಾರೆ, ಆದರೆ ಬ್ಲರ್ ಮಾಡಿದರೆ ಫೋಟೊದ ಬೆಳಕು ಅಂಚಿನೊಳಗೆ ಹರಡಿ ಅಳತೆ ದೊಡ್ಡದಾಗುತ್ತದೆ. ಸಡಿಲಿಕೆ ಇಷ್ಟು ಕಡಿಮೆ ಇಟ್ಟಾಗ ಅದು ಜಾಸ್ತಿಯೇ ಆಗುತ್ತದೆ. `Median` ಗೆರೆಯನ್ನು ಇದ್ದಲ್ಲೇ ಇಡುತ್ತದೆ. ಈ ತಿದ್ದುವಿಕೆ ಎಲ್ಲ ಅಳತೆಗೆ ಮಾತ್ರ, ನಿಮ್ಮ ಫೋಟೊಗೆ ಏನೂ ಆಗುವುದಿಲ್ಲ. ಸುತ್ತ ಒಂದು ಪಿಕ್ಸೆಲ್ ಕಪ್ಪು ಸೇರಿಸಿದ್ದು, ತೆಗೆಯಬೇಕಾದ ಬಣ್ಣ ಕಪ್ಪೇ ಅಂತ ಖಾತ್ರಿ ಮಾಡೋಕೆ. `-fuzz 5%` ಅನ್ನೋದೇ ಆ ಸಡಿಲಿಕೆ, 255ರಲ್ಲಿ ಸುಮಾರು 13. ಅಂಚಿನ 6ಕ್ಕೂ ಚಪ್ಪರದ 22ಕ್ಕೂ ನಡುವೆ ಬೀಳುವ ಹಾಗೆ ಇದನ್ನು ಆರಿಸಿಕೊಂಡದ್ದು. 5 ಅನ್ನೋದು ಮಂತ್ರ ಅಲ್ಲ, ನಿಮ್ಮ ಸ್ಕ್ಯಾನಿನ ಎರಡು ಕಪ್ಪುಗಳನ್ನು ನೋಡಿ ನೀವೇ ಆರಿಸಬೇಕು.

ಬಂದ ಉತ್ತರ `2390x3594+171+149`. ಅಗಲ, ಎತ್ತರ, ಎಡದಿಂದ ಎಷ್ಟು, ಮೇಲಿಂದ ಎಷ್ಟು ಅಂತ.

ಇದು ಸರಿಯೋ ತಪ್ಪೋ ಅಂತ ಹೇಗೆ ಗೊತ್ತಾಗಬೇಕು? ದೊಡ್ಡಮಾವನಿಗೆ ಫೋನ್ ಮಾಡಿ, "ಮಾವ, ಫೋಟೊ ಮೇಲೆ ಸ್ಕೇಲ್ ಇಟ್ಟು ಉದ್ದ ಅಗಲ ಹೇಳ್ತೀರಾ?" ಅಂದೆ. ಯಾಕೆ ಏನು ಅಂತ ಕೇಳದೆ ಅಳೆದು ಹೇಳಿದರು: 10.1 ಸೆಂಟಿಮೀಟರ್ ಅಗಲ, 15.2 ಎತ್ತರ. ಸ್ಕ್ಯಾನ್ ಮಾಡಿದ್ದು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600, ಸೆಂಟಿಮೀಟರಿಗೆ ಸುಮಾರು 236.2 ಪಿಕ್ಸೆಲ್. ಗುಣಿಸಿದರೆ 2386, 3590. ನಮ್ಮ ಅಳತೆ ಎರಡೂ ಕಡೆ ನಾಲ್ಕೇ ಪಿಕ್ಸೆಲ್ ಜಾಸ್ತಿ. ಕಾಗದದ ಅಂಚು ಅಷ್ಟು ನೇರ ಇರುವುದಿಲ್ಲ, ಸ್ಕೇಲೂ ಅಷ್ಟು ಕರಾರುವಾಕ್ಕಲ್ಲ. ಇದು ಸರಿ.

ಅದೇ ಆಜ್ಞೆಯನ್ನು `-fuzz 20%` ಅಂತ ಓಡಿಸಿ ನೋಡಿದೆ. ಎತ್ತರ 3362 ಬಂತು. 232 ಸಾಲು ಮಾಯ, ಕಾಗದದ ಮೇಲೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ಅತ್ತೆಯ ತೋರಣ ಅಷ್ಟೇ ಇತ್ತು. ಕತ್ತರಿಸಿದ ಚಿತ್ರವನ್ನು ಎಷ್ಟು ನೋಡಿದರೂ ಈ ತಪ್ಪು ಕಾಣುವುದಿಲ್ಲ, ಅದು ನೀಟಾಗಿಯೇ ಇರುತ್ತದೆ. ಸ್ಕೇಲ್ ಹಿಡಿದರೆ ತಕ್ಷಣ ಸಿಕ್ಕಿಬೀಳುತ್ತದೆ.

ಕೊನೆಗೆ ಕತ್ತರಿ. ನಾವು ಸೇರಿಸಿದ್ದ ಒಂದು ಪಿಕ್ಸೆಲ್ ಅಂಚನ್ನು ಎಡ ಮತ್ತು ಮೇಲಿನ ಲೆಕ್ಕದಿಂದ ಕಳೆಯಬೇಕು.

```
magick nera.tif -crop 2390x3594+170+148 +repage maduve-mugiyitu.tif
```

ಒಂದೆರಡು ಕಡೆ ಕೂದಲೆಳೆಯಷ್ಟು ಕಪ್ಪು ಉಳಿಯುತ್ತದೆ. ಅದಕ್ಕೆ ಸುತ್ತ ಇನ್ನೂ ಹತ್ತು ಪಿಕ್ಸೆಲ್ ಕೆರೆದುಬಿಡೋಣ ಅನ್ನೋ ವಾದಕ್ಕೆ ನಾನು ಒಪ್ಪುವುದಿಲ್ಲ. ಮೂರು ಪಿಕ್ಸೆಲ್ ಅಂದರೆ ಇಲ್ಲಿ 0.13 ಮಿಲಿಮೀಟರ್. ಫ್ರೇಮಿನ ತುಟಿಯ ಕೆಳಗೆ ಅದು ಮುಚ್ಚಿಹೋಗುತ್ತದೆ. ಕಪ್ಪು ಗೆರೆ ಉಳಿದರೆ ನಾಳೆ ತೆಗೆಯಬಹುದು, ಹೋದ ಚಿತ್ರವನ್ನು ಎಲ್ಲಿಂದ ತರೋದು?

ಬಿಳಿ ಅಂಚಿಗೂ ದಾರಿ ಇದೇ, `black` ಜಾಗದಲ್ಲಿ `white`, ನೋಡುವ ಪ್ರತಿಗೆ `-level 85%,100%`. ಆದರೆ ಅಲ್ಲಿ ಎರಡು ತರಲೆ ಇವೆ. ಮುಚ್ಚಳ ಹಾಕಿ ಸ್ಕ್ಯಾನ್ ಮಾಡಿದಾಗ ಫೋಟೊದ ದಪ್ಪಕ್ಕೆ ಒಂದು ಬದಿಯಲ್ಲಿ ಬೂದು ನೆರಳು ಬೀಳುತ್ತದೆ, ಅಳತೆ ಆ ನೆರಳಿನ ಹೊರಗೇ ನಿಲ್ಲುತ್ತದೆ. ಇನ್ನೊಂದು, ಹಳೇ ಫೋಟೊಗಳಿಗೆ ಸ್ಟುಡಿಯೋದವರೇ ಬಿಟ್ಟ ಬಿಳಿ ಅಂಚು ಇರುತ್ತದೆ, ಕೆಲವಕ್ಕೆ ಅಲೆಅಲೆಯಾಗಿ ಕತ್ತರಿಸಿದ ಅಂಚು. ಅದು ಸ್ಕ್ಯಾನರ್ ಬಿಟ್ಟದ್ದಲ್ಲ, ಫೋಟೊದ್ದೇ. ಅದನ್ನು ತೆಗೆಯೋದು ನನಗೆ ಸರಿ ಕಾಣುವುದಿಲ್ಲ.

ಇನ್ನೂ ಸ್ಕ್ಯಾನ್ ಮಾಡಿಸಿಲ್ಲ ಅಂದರೆ ಈ ಲೆಕ್ಕವೆಲ್ಲ ಬೇಡ. ಫೋಟೊದ ಹಿಂದೆ ಗಾಢ ಹಸಿರೋ ಗುಲಾಬಿಯೋ ಒಂದು ಚಾರ್ಟ್ ಪೇಪರ್ ಇಟ್ಟು ಸ್ಕ್ಯಾನ್ ಮಾಡಿಸಿ. ಕಪ್ಪು ಬಿಳುಪು ಫೋಟೊದಲ್ಲಿ ಆ ಬಣ್ಣ ಎಲ್ಲೂ ಇರುವುದಿಲ್ಲ, ಆದ್ದರಿಂದ ಗೊಂದಲಕ್ಕೆ ಜಾಗವೇ ಇಲ್ಲ. ಸ್ಕ್ಯಾನ್ ಮಾತ್ರ ಕಲರ್‌ನಲ್ಲೇ ಮಾಡಿಸಬೇಕು. ವಾಟ್ಸಾಪ್‌ನಲ್ಲಿ ಕಳಿಸುವವರಿಗೆ ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ. ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಡಿಪಿಐ ಲೆಕ್ಕವೂ ಕೆಡುತ್ತದೆ.

ಮೂಲ ಪ್ರತಿ ದೂರದಲ್ಲಿದೆ, ಮತ್ತೆ ಸ್ಕ್ಯಾನ್ ಮಾಡಿಸೋಕೆ ಆಗುವುದಿಲ್ಲ, ಎರಡು ಕಪ್ಪುಗಳೂ ಒಂದೇ ಸಂಖ್ಯೆಯಲ್ಲಿ ಬೆರೆತುಹೋಗಿವೆ ಅಂದರೆ ಯಾವ ಸಡಿಲಿಕೆಯೂ ಸಹಾಯಕ್ಕೆ ಬರುವುದಿಲ್ಲ. ಆಗ ಸ್ಪಷ್ಟವಾಗಿ ಕಾಣುವ ಮೂರು ಬದಿಗಳನ್ನು ಮಾತ್ರ ಅಳೆಯಿರಿ. ನಾಲ್ಕನೆಯದನ್ನು ಕಾಗದದ ಅಳತೆಯಿಂದ ಲೆಕ್ಕ ಹಾಕಿ. ಇದೇ ಫೋಟೊದಲ್ಲಿ ಕೆಳಗಿನ ಅಂಚು ಸಿಕ್ಕಿದ್ದು 3742ನೇ ಸಾಲಿನಲ್ಲಿ. ಅದರಿಂದ 3590 ಕಳೆದರೆ 152, ಮೇಲಂಚು ಅಲ್ಲೇ ಎಲ್ಲೋ ಇರಬೇಕು. ಸ್ಕೇಲಿನಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದರೂ 24 ಸಾಲು ತಪ್ಪುತ್ತದೆ, ಹಾಗಾಗಿ ಆ ಒಂದು ಬದಿಯಲ್ಲಿ 24 ಸಾಲು ಹೆಚ್ಚಿಗೆ ಬಿಟ್ಟು, 128ಕ್ಕೆ ಕತ್ತರಿ ಹಾಕಿ.