ಅಂದಾಜಿನ ಖಾನೆ

ಗಣಿತದ ಅಭ್ಯಾಸ ಹಾಳೆಗಳಲ್ಲಿ ಒಂದು ಬಗೆ ಇದೆ. ಎಡಗಡೆ ಲೆಕ್ಕ. ಅದರ ಪಕ್ಕ 'ಅಂದಾಜು', ಆಮೇಲೆ 'ನಿಖರ ಉತ್ತರ', ಕೊನೆಗೆ 'ಉತ್ತರ ನಂಬುವ ಹಾಗಿದೆಯೇ?' ಎಂಬ ಖಾನೆ. ಮಕ್ಕಳು ಮೊದಲು ತುಂಬುವುದು ನಿಖರ ಉತ್ತರವನ್ನು. 1035.18 ಬಂತಾ, ಅದನ್ನೇ ರೌಂಡ್ ಮಾಡಿ 1000 ಅಂತ ಅಂದಾಜಿನ ಖಾನೆಗೆ ಹಾಕುತ್ತಾರೆ. ಕೊನೆಯ ಖಾನೆಯಲ್ಲಿ ಉದ್ದಕ್ಕೂ 'ಹೌದು, ಹೌದು, ಹೌದು'. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ! ಹಾಳೆ ನೋಡಿದರೆ ಇದು ಗೊತ್ತಾಗಿಬಿಡುತ್ತದೆ. ನಿಖರ ಉತ್ತರ ತಪ್ಪಾಗಿ 103.518 ಇದ್ದರೆ ಅಂದಾಜೂ ನಿಷ್ಠೆಯಿಂದ 100 ಆಗಿರುತ್ತದೆ.

ಮಕ್ಕಳನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಆ ಕೊನೆಯ ಖಾನೆಯಲ್ಲಿ ಏನು ನೋಡಬೇಕು ಅಂತ ಯಾರೂ ಸರಿಯಾಗಿ ಹೇಳುವುದಿಲ್ಲ. 'ಹತ್ತಿರ ಇದ್ದರೆ ಸರಿ' ಅಂತಾರೆ. ಹತ್ತಿರ ಅಂದರೆ ಎಷ್ಟು ಹತ್ತಿರ? ನನ್ನನ್ನು ಕೇಳಿದರೆ, ದೂರಕ್ಕಿಂತ ಮೊದಲು ನೋಡಬೇಕಾದ್ದು ಉತ್ತರ ಅಂದಾಜಿನ ಯಾವ ಕಡೆ ಬಿದ್ದಿದೆ ಅನ್ನುವುದನ್ನು.

38.7 × 4.6 ತಗೊಳ್ಳಿ. 38.7 ಅನ್ನು 40 ಮಾಡಿದೆವು, 4.6 ಅನ್ನು 5. ಅಂದಾಜು 200. ಈಗ ಒಬ್ಬರಿಗೆ 205 ಬಂತು, ಇನ್ನೊಬ್ಬರಿಗೆ 178.02. ಹತ್ತಿರದ ಲೆಕ್ಕ ಹಿಡಿದರೆ 205 ಗೆಲ್ಲಬೇಕು. ಆದರೆ ನಾವು ಎರಡೂ ಸಂಖ್ಯೆಗಳನ್ನು ಮೇಲಕ್ಕೆ ಎತ್ತಿದ್ದೇವೆ ಅಲ್ವಾ? ಹಾಗಾಗಿ ನಿಜವಾದ ಉತ್ತರ 200ಕ್ಕಿಂತ ಕಡಿಮೆಯೇ ಇರಬೇಕು. 205 ಬರೋದಕ್ಕೆ ಸಾಧ್ಯವೇ ಇಲ್ಲ. 22 ದೂರ ಇರುವ 178.02 ಸರಿ, 5 ದೂರ ಇರುವ 205 ತಪ್ಪು.

48.6 × 21.3ರಲ್ಲಿ ಕತೆ ಬೇರೆ. 50 × 20 ಅಂದಾಗ ಒಂದು ಮೇಲೆ ಹೋಯಿತು, ಒಂದು ಕೆಳಗೆ ಬಂತು. ಎರಡೂ ಒಂದನ್ನೊಂದು ಸ್ವಲ್ಪ ಸರಿದೂಗಿಸುತ್ತವೆ. 48.6 ಸುಮಾರು ನೂರಕ್ಕೆ 3ರಷ್ಟು ಏರಿತು, 21.3 ಸುಮಾರು 6ರಷ್ಟು ಇಳಿಯಿತು. ಇಳಿದದ್ದೇ ಜಾಸ್ತಿ. ಅಂದಮೇಲೆ ನಿಜವಾದ ಉತ್ತರ 1000ಕ್ಕಿಂತ ಸ್ವಲ್ಪ ಮೇಲಿರಬೇಕು, ಹೆಚ್ಚೆಂದರೆ ನೂರಕ್ಕೆ 3–4. 1035.18 ಸರಿಯಾಗಿ ಅಲ್ಲೇ ಬಂದು ಕೂತಿದೆ. ಭಾಗಾಕಾರದಲ್ಲಿ ಇದು ತಿರುವುಮುರುವು: ಎರಡನ್ನೂ ಒಂದೇ ದಿಕ್ಕಿಗೆ ಸರಿಸಿದರೆ ಒಂದನ್ನೊಂದು ಸರಿದೂಗಿಸುತ್ತವೆ.

ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಮೌಲ್ಯಮಾಪನದಲ್ಲಿ 13 ವರ್ಷದವರಿಗೆ ಒಂದು ಪ್ರಶ್ನೆ ಇತ್ತು. 12/13 ಮತ್ತು 7/8 ಕೂಡಿದರೆ ಸುಮಾರು ಎಷ್ಟು? ಆಯ್ಕೆಗಳು 1, 2, 19, 21. ಸರಿಯಾದ 2 ಆರಿಸಿದವರು ನೂರಕ್ಕೆ 24 ಮಂದಿ. ಅದಕ್ಕಿಂತ ಜಾಸ್ತಿ ಜನ 19ಕ್ಕೆ ಹೋದರು, 21ಕ್ಕೂ ಹೋದರು. 12ಕ್ಕೆ 7 ಸೇರಿಸಿದರೆ 19, 13ಕ್ಕೆ 8 ಸೇರಿಸಿದರೆ 21. ಭಿನ್ನರಾಶಿ ಎಷ್ಟು ದೊಡ್ಡದು ಅಂತ ನೋಡದೆ ಮೇಲಿನ ಅಂಕಿ ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ. ಒಂದಕ್ಕಿಂತ ಚೂರು ಕಡಿಮೆ ಇರುವ ಎರಡು ಸೇರಿದರೆ ಎರಡಕ್ಕಿಂತ ಚೂರು ಕಡಿಮೆ. ಅಷ್ಟೇ ಸಾಕಿತ್ತು. ಕಾಗದವೂ ಬೇಡ.

ಅಂದಾಜಿಗೆ ಸಿಕ್ಕದ ತಪ್ಪುಗಳೂ ಇವೆ. 178.02 ಬರೆಯುವಾಗ ಕೈ ತಪ್ಪಿ 187.02 ಆಯಿತು ಅನ್ನಿ. ಅದೂ 200ಕ್ಕಿಂತ ಕಡಿಮೆ, ಹಾಯಾಗಿ ದಾಟಿಹೋಗುತ್ತದೆ. ಇಲ್ಲಿ ಒಂದೇ ಸಂಖ್ಯೆಯನ್ನು ರೌಂಡ್ ಮಾಡಿ ನೋಡಿ: 40 × 4.6, ಅಂದರೆ 184. ಮೇಲಕ್ಕೆ ಎತ್ತಿದ್ದು 38.7 ಅನ್ನು ಮಾತ್ರ, ಆದ್ದರಿಂದ ಉತ್ತರ 184 ಮೀರುವಂತಿಲ್ಲ. 187 ಸಿಕ್ಕಿಬಿತ್ತು. ಆದರೆ ಕ್ಯಾಲ್ಕುಲೇಟರಿನಲ್ಲಿ 38.7ರ ಬದಲು 37.8 ಒತ್ತಿದ್ದರೆ 173.88 ಬರುತ್ತದೆ. ಇದನ್ನು ಯಾವ ಒರಟು ಅಂದಾಜೂ ಹಿಡಿಯುವುದಿಲ್ಲ. ಇನ್ನೊಂದು ಸಲ ಒತ್ತಿ ನೋಡುವುದೇ ದಾರಿ.

ಕಳೆಯುವ ಲೆಕ್ಕದ ಹತ್ತಿರ ಮಾತ್ರ ನನಗೆ ಸ್ವಲ್ಪ ಭಯ. 612 − 587 ಅನ್ನು ಹತ್ತಿರದ ನೂರಕ್ಕೆ ರೌಂಡ್ ಮಾಡಿದರೆ 600 − 600, ಅಂದಾಜು ಸೊನ್ನೆ! ನಿಯಮ ಪಾಲಿಸಿದ ಮಗು ತಬ್ಬಿಬ್ಬಾಗಿ ಕೂರುತ್ತದೆ. ಹತ್ತಿರ ಹತ್ತಿರ ಇರುವ ಎರಡು ಸಂಖ್ಯೆ ಕಳೆಯುವಾಗ ವ್ಯತ್ಯಾಸವೇ ಸಣ್ಣದು, ರೌಂಡ್ ಮಾಡಿದ್ದರಿಂದ ಬಂದ ತಪ್ಪು ಅದನ್ನೇ ನುಂಗಿಬಿಡುತ್ತದೆ. ಅಲ್ಲಿ ಹತ್ತಕ್ಕೆ ರೌಂಡ್ ಮಾಡಬೇಕು: 610 − 590, ಅಂದರೆ 20. ದೊಡ್ಡದನ್ನು ಇಳಿಸಿ ಚಿಕ್ಕದನ್ನು ಏರಿಸಿದ್ದರಿಂದ ನಿಜವಾದ ಉತ್ತರ 20ಕ್ಕಿಂತ ಮೇಲಿರಬೇಕು. 25, ಸರಿಹೋಯಿತು. 'ಎಲ್ಲವನ್ನೂ ಹತ್ತಿರದ ನೂರಕ್ಕೆ ಅಂದಾಜಿಸಿ' ಅಂತ ಹಾಳೆಯ ತಲೆಯ ಮೇಲೆ ಅಚ್ಚು ಹಾಕಿಸಿದವರು ಈ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಿದ್ದರೆ ಚೆನ್ನಾಗಿತ್ತು.