ಎರಡು ಪಾರ್ಟೋಗ್ರಾಫ್‌ಗಳ ನಡುವೆ ಒಂದು ಹೆರಿಗೆ

ಹೆರಿಗೆ ಕೋಣೆಯ ಕೆಲಸವನ್ನು ನಾನು ಕರ್ನಾಟಕದಲ್ಲಿ ಕಲಿತಾಗ ನಮ್ಮ ಕೈಗೆ ಕೊಟ್ಟಿದ್ದ, ಹೆರಿಗೆಯ ಪ್ರಗತಿಯನ್ನು ಗಂಟೆಗಳ ಲೆಕ್ಕದಲ್ಲಿ ಗುರುತಿಸುವ ಪಾರ್ಟೋಗ್ರಾಫ್ ಹಾಳೆಯ ನಡುವೆ ಎರಡು ಓರೆ ಗೆರೆಗಳಿದ್ದವು. ನಾಡು ಬಿಟ್ಟು ಬಂದು ಈಗ ನಾನು ಬಳಸುತ್ತಿರುವ ಹಾಳೆಯಲ್ಲಿ ಆ ಗೆರೆಗಳಿಲ್ಲ. ಎರಡೂ ಕೇಳುವ ಪ್ರಶ್ನೆ ಒಂದೇ: ಈ ಹೆರಿಗೆ ತಡವಾಗುತ್ತಿದೆಯೇ? ಆದರೆ ಒಂದೇ ಹೆರಿಗೆಗೆ ಅವು ಬೇರೆ ಬೇರೆ ಉತ್ತರ ಕೊಡಬಲ್ಲವು. ಹೊಸದು ಹೆಚ್ಚು ನಿಜಕ್ಕೆ ಹತ್ತಿರವೆಂಬುದು ನನ್ನ ಅನಿಸಿಕೆಯಾದರೂ, ಹಳೆಯದನ್ನು ಮರೆತುಬಿಡಲು ನನಗೆ ಮನಸ್ಸಿಲ್ಲ.

ಹೆರಿಗೆಯ ಮೊದಲ ಹಂತವೆಂದರೆ ನೋವು ಶುರುವಾದಲ್ಲಿಂದ ಗರ್ಭಕೋಶದ ಬಾಯಿ ಪೂರ್ತಿ, ಅಂದರೆ 10 ಸೆಂಟಿಮೀಟರ್ ತೆರೆಯುವವರೆಗಿನ ಕಾಲ. ಎರಡನೆಯದು ಅಲ್ಲಿಂದ ಮಗು ಹೊರಬರುವವರೆಗೆ, ಮೂರನೆಯದು ಮಾಸು ಬೀಳುವವರೆಗೆ. ತಡದ ಬಗೆಗಿನ ಗೊಂದಲವೆಲ್ಲ ಹೆಚ್ಚಾಗಿ ಮೊದಲ ಹಂತದಲ್ಲಿಯೇ ಇದೆ, ಏಕೆಂದರೆ ಅದರೊಳಗೆ ಎರಡು ಘಟ್ಟಗಳಿವೆ. ಸುಪ್ತ ಘಟ್ಟದಲ್ಲಿ ನೋವು ಬಂದು ಹೋಗುತ್ತಿರುತ್ತದೆ, ಗರ್ಭಕಂಠ ಮೆತ್ತಗಾಗಿ ತೆಳುವಾಗುತ್ತಿರುತ್ತದೆ, ಬಾಯಿ ಮಾತ್ರ ನಿಧಾನವಾಗಿ ತೆರೆಯುತ್ತದೆ. ಇದಕ್ಕೆ ಇಷ್ಟೇ ಗಂಟೆ ಎಂಬ ಖಚಿತ ಮಿತಿಯನ್ನು ಯಾರೂ ಹಾಕಲಾರರು. ಸಕ್ರಿಯ ಘಟ್ಟದಲ್ಲಿ ನೋವು ಕ್ರಮಬದ್ಧವಾಗಿ ಬಲವಾಗುತ್ತದೆ, ಬಾಯಿ ವೇಗವಾಗಿ ತೆರೆಯುತ್ತದೆ, ತಲೆ ಇಳಿಯತೊಡಗುತ್ತದೆ. ತಡವನ್ನು ಅಳೆಯಬೇಕಾದದ್ದು ಈ ಎರಡನೆಯ ಘಟ್ಟದಲ್ಲಿ.

ಹಳೆಯ ಗೆರೆಗಳ ಹುಟ್ಟನ್ನು ತಿಳಿದರೆ ಅವುಗಳ ಗುಣವೂ ದೋಷವೂ ಸ್ಪಷ್ಟವಾಗುತ್ತವೆ. 1950ರ ದಶಕದಲ್ಲಿ ಅಮೆರಿಕದ ಫ್ರೀಡ್‌ಮನ್ ಅವರು ಬಾಯಿ ತೆರೆಯುವ ಗತಿಯನ್ನು ನಕ್ಷೆಯಲ್ಲಿ ತೋರಿಸಿದರು. 1972ರಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಅವರು ಇಂದಿನ ಜಿಂಬಾಬ್ವೆಯಲ್ಲಿ, ದೂರದ ಚಿಕ್ಕ ಕೇಂದ್ರಗಳಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿಯರಿಗಾಗಿ, ಗಂಟೆಗೆ 1 ಸೆಂಟಿಮೀಟರ್ ಏರುವ ಎಚ್ಚರಿಕೆಯ ಗೆರೆಯನ್ನೂ ಅದರ ಬಲಕ್ಕೆ ನಾಲ್ಕು ಗಂಟೆ ಸರಿದ ಕ್ರಮದ ಗೆರೆಯನ್ನೂ ಎಳೆದರು. ಮೊದಲ ಗೆರೆ ದಾಟಿದರೆ ದೊಡ್ಡ ಆಸ್ಪತ್ರೆಗೆ ಹೊರಡಿಸಬೇಕು; ಎರಡನೆಯದನ್ನು ಮುಟ್ಟುವ ಹೊತ್ತಿಗೆ ಆಕೆ ಅಲ್ಲಿ ತಲುಪಿರಬೇಕು. ನಡುವಿನ ನಾಲ್ಕು ಗಂಟೆ, ಹೆಚ್ಚಿನ ಮಟ್ಟಿಗೆ, ದಾರಿಯ ಲೆಕ್ಕ.

ಹೊಸಬರಿಗೆ ಪಾಠ ಹೇಳುವಾಗ ನಾನು ಬಳಸುವ ಒಂದು ಮಾದರಿ ಹೆರಿಗೆಯನ್ನು ನೋಡಿ. ಚೊಚ್ಚಲು ಗರ್ಭಿಣಿ ರಾತ್ರಿ 10ಕ್ಕೆ ಬಂದಿದ್ದಾಳೆ. ಬಾಯಿ 4 ಸೆಂಟಿಮೀಟರ್ ತೆರೆದಿದೆ. ಆದರೆ ಹತ್ತು ನಿಮಿಷಕ್ಕೆ ಎರಡೇ ನೋವು, ಒಂದೊಂದೂ ಇಪ್ಪತ್ತು ಸೆಕೆಂಡು, ಗರ್ಭಕಂಠ ಇನ್ನೂ ದಪ್ಪ. ಬೆಳಗಿನ ಜಾವ 4ಕ್ಕೆ ಬಾಯಿ 5 ಸೆಂಟಿಮೀಟರ್, ಹತ್ತು ನಿಮಿಷಕ್ಕೆ ಮೂರು ನೋವು, ಒಂದೊಂದೂ ನಲವತ್ತು ಸೆಕೆಂಡು. 8ಕ್ಕೆ 6 ಸೆಂಟಿಮೀಟರ್. ಮಧ್ಯಾಹ್ನ 12ಕ್ಕೆ 8 ಸೆಂಟಿಮೀಟರ್.

ಸಕ್ರಿಯ ಘಟ್ಟ 4 ಸೆಂಟಿಮೀಟರಿನಿಂದ ಶುರುವೆನ್ನುವ ಹಳೆಯ ಹಾಳೆಯನ್ನು ಹಿಡಿದವರು ರಾತ್ರಿ 10ರ ಆ ‘4’ ಎಂಬ ಅಂಕಿಯನ್ನೇ ನಂಬಿ ಎಚ್ಚರಿಕೆಯ ಗೆರೆಯ ಮೇಲೆ ಮೊದಲ ಗುಣಾಕಾರ ಚಿಹ್ನೆ ಹಾಕಿದರೆಂದುಕೊಳ್ಳಿ. ಆಗ 5 ಸೆಂಟಿಮೀಟರಿನ ಮಟ್ಟದಲ್ಲಿ ಕ್ರಮದ ಗೆರೆ ನಸುಕಿನ 3 ಗಂಟೆಗೆ ಬರುತ್ತದೆ. 4 ಗಂಟೆಯ ತಪಾಸಣೆಗೆ ಆಕೆ ಆ ಗೆರೆಯನ್ನು ದಾಟಿಯಾಗಿದೆ! ನಿಜವಾದ ಹೆರಿಗೆ ನೋವು ಆಗತಾನೆ ಕುದುರಿದ ಹೆಂಗಸಿಗೆ ನೀರಿನ ಚೀಲ ಒಡೆಯುವುದು, ನೋವು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಹಾಕುವುದು ಶುರುವಾಗುತ್ತದೆ. ಅದೇ ಹಾಳೆಯಲ್ಲಿ ಇನ್ನೊಬ್ಬರು ಸರಿಯಾಗಿಯೇ ನೋವಿನ ಬಲವನ್ನು ಗಮನಿಸಿ 4 ಗಂಟೆಯ ‘5’ರಿಂದ ಆರಂಭಿಸಿದರೆ, 8 ಸೆಂಟಿಮೀಟರಿನ ಮಟ್ಟದಲ್ಲಿ ಕ್ರಮದ ಗೆರೆ ಬೆಳಗ್ಗೆ 11ಕ್ಕೆ ಬರುತ್ತದೆ, 12ರ ತಪಾಸಣೆಯಲ್ಲಿ ಮಾತ್ರ ದಾಟಿದ್ದು ಕಾಣುತ್ತದೆ. ಮೊದಲ ಚಿಹ್ನೆಯನ್ನು ಎಲ್ಲಿಂದ ಹಾಕಿದರು ಎಂಬುದೊಂದರಿಂದಲೇ ತೀರ್ಪಿನಲ್ಲಿ ಎಂಟು ಗಂಟೆಯ ಅಂತರ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಕ್ರಿಯ ಘಟ್ಟದ ಆರಂಭವನ್ನು 5 ಸೆಂಟಿಮೀಟರಿಗೆ ಸರಿಸಿತು. ಗಂಟೆಗೆ 1 ಸೆಂಟಿಮೀಟರ್ ಎಂಬ ವೇಗ ಎಷ್ಟೋ ಹೆಂಗಸರಿಗೆ ವಾಸ್ತವವಲ್ಲವೆಂದೂ ಹೇಳಿತು. 2020ರ ಕೊನೆಯಲ್ಲಿ ಬಂದ ಅದರ ಹೊಸ ಹಾಳೆಯಲ್ಲಿ ಓರೆ ಗೆರೆಗಳ ಜಾಗಕ್ಕೆ ಪ್ರತಿ ಸೆಂಟಿಮೀಟರಿಗೂ ಒಂದು ಕಾಯುವ ಮಿತಿ ಬಂದಿತು: 5ರಲ್ಲಿ ಆರು ಗಂಟೆ, 6ರಲ್ಲಿ ಐದು, 7ರಲ್ಲಿ ಮೂರು, 8ರಲ್ಲಿ ಎರಡೂವರೆ, 9ರಲ್ಲಿ ಎರಡು. ಆಯಾ ಮಿತಿ ಮುಗಿದರೂ ಮುಂದಿನ ಅಂಕಿಗೆ ಹೋಗದಿದ್ದರೆ ಹಾಳೆಯ ಆ ಚೌಕದ ಸುತ್ತ ವೃತ್ತ ಎಳೆದು ಎಚ್ಚರಿಸಬೇಕು. ನಮ್ಮ ಮಾದರಿಯ ಹೆಂಗಸು ಈ ಹಾಳೆಯಲ್ಲಿ ಮಧ್ಯಾಹ್ನದವರೆಗೂ ಒಂದೂ ಮಿತಿಯನ್ನು ಮೀರುವುದಿಲ್ಲ. ಮಧ್ಯಾಹ್ನದ ಅವಳ ಉಳಿದ ಅಂಕಿಗಳನ್ನು ಸೇರಿಸಿ ನೋಡಿದರೆ ಆ ತೀರ್ಪೇ ಸರಿಯೆನ್ನಿಸುತ್ತದೆ: ಹತ್ತು ನಿಮಿಷಕ್ಕೆ ನಾಲ್ಕು ನೋವು, ಮಗುವಿನ ಎದೆಬಡಿತ ನಿಮಿಷಕ್ಕೆ 138, ನೀರು ತಿಳಿ, ಹೊಟ್ಟೆಯ ಮೇಲಿಂದ ಮುಟ್ಟಿ ನೋಡಿದಾಗ ತಲೆಯ ಐದು ಭಾಗಗಳಲ್ಲಿ ಎರಡು ಮಾತ್ರ ಕೈಗೆ ಸಿಗುತ್ತಿದೆ.

ಆದರೆ ಅದೇ ಮಧ್ಯಾಹ್ನ ಪಕ್ಕದ ಮಂಚದಲ್ಲಿ ಇನ್ನೊಬ್ಬಳಿದ್ದಾಳೆ ಎಂದು ಕಲ್ಪಿಸಿಕೊಳ್ಳಿ. ಅವಳಿಗೂ 8 ಸೆಂಟಿಮೀಟರ್, ಅದೇ ಗಂಟೆಗಳು, ಅದೇ ನಾಲ್ಕು ಬಲವಾದ ನೋವುಗಳು. ಆದರೆ ತಲೆಯ ಐದರಲ್ಲಿ ನಾಲ್ಕು ಭಾಗ ಇನ್ನೂ ಹೊಟ್ಟೆಯ ಮೇಲಿಂದ ಸಿಗುತ್ತಿದೆ, ತಲೆಬುರುಡೆಯ ಮೂಳೆಗಳು ಬೆರಳಿನಿಂದ ಒತ್ತಿದರೂ ಬಿಡಿಸಲಾಗದಷ್ಟು ಒಂದರ ಮೇಲೊಂದು ಏರಿವೆ. ಇದನ್ನು ಹಾಳೆಯಲ್ಲಿ ಮೂರು ಪ್ಲಸ್ ಎಂದು ಬರೆಯುತ್ತೇವೆ. ನೋವು ಚೆನ್ನಾಗಿದ್ದೂ ತಲೆ ಇಳಿಯದೆ ಹೀಗೆ ಒತ್ತಡಕ್ಕೆ ಸಿಕ್ಕಿದೆಯೆಂದರೆ ದಾರಿ ಸಾಲುತ್ತಿಲ್ಲ, ಅಥವಾ ಮಗುವಿನ ಮುಖ ತಿರುಗಿರುವ ರೀತಿ ಸರಿಯಿಲ್ಲ ಎಂದರ್ಥ. ಇಲ್ಲಿ ಡ್ರಿಪ್ ಹಾಕಿ ನೋವನ್ನು ಇನ್ನೂ ಹೆಚ್ಚಿಸಿದರೆ ಗರ್ಭಕೋಶವೇ ಹರಿಯುವ ಅಪಾಯವಿದೆ. ನೋವೇ ದುರ್ಬಲವಾಗಿ ತಡವಾಗಿದ್ದರೆ ಮಾತ್ರ, ಅಡ್ಡಿ ಏನೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಆ ಡ್ರಿಪ್ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಗೆರೆಯಾಗಲಿ ಮಿತಿಯಾಗಲಿ ತಡವಿದೆ ಎಂದಷ್ಟೇ ಹೇಳಬಲ್ಲದು. ಕಾರಣವನ್ನು ಹೇಳುವುದು ನೋವು, ತಲೆಯ ಇಳಿತ ಮತ್ತು ಮೂಳೆಗಳ ಸಾಲುಗಳು. ಬೇಸರದ ಸಂಗತಿಯೆಂದರೆ, ನಾನು ನೋಡಿರುವ ಹಾಳೆಗಳಲ್ಲಿ ಹೆಚ್ಚಾಗಿ ಖಾಲಿ ಬಿದ್ದಿರುವುದೂ ಇವೇ ಸಾಲುಗಳು.

ಇನ್ನೊಂದು ದೋಷ ಎರಡೂ ಹಾಳೆಗಳಿಗೆ ಸಮಾನ. ಹೆರಿಗೆ ಮುಗಿದ ಮೇಲೆ ಕುಳಿತು ತುಂಬಿದ ಹಾಳೆಯಲ್ಲಿ, ಅದು ಹಳೆಯದಾದರೆ, ಚಿಹ್ನೆಗಳೆಲ್ಲ ಎಚ್ಚರಿಕೆಯ ಗೆರೆಯ ಮೇಲೆ ಸಾಲಾಗಿ ಮೆರವಣಿಗೆ ಹೊರಟಿರುತ್ತವೆ, ಅರ್ಧ ಗಂಟೆಗೊಮ್ಮೆ ಬರೆದ ಎದೆಬಡಿತವೂ 140ರಿಂದ ಕದಲುವುದಿಲ್ಲ. ನಿಜವಾದ ಹೆರಿಗೆ ಅಷ್ಟು ನೇರವಾಗಿ ಏರುವುದು ಅಪರೂಪ.

ಹೊಸ ಹಾಳೆಯ ಬಗ್ಗೆ ನನ್ನ ತಕರಾರು ಆಸ್ಪತ್ರೆಯ ದೂರಕ್ಕೆ ಸಂಬಂಧಿಸಿದ್ದು. ಪಕ್ಕದ ಕೋಣೆಯಲ್ಲಿಯೇ ಶಸ್ತ್ರಕ್ರಿಯೆಯ ಮೇಜು ಇರುವಲ್ಲಿ 5 ಸೆಂಟಿಮೀಟರಿನಲ್ಲಿ ಆರು ಗಂಟೆ ಕಾಯುವುದರಲ್ಲಿ ಭಯವಿಲ್ಲ. ಅದೇ ಮೇಜು ಮೂರು ಗಂಟೆಯ ದಾರಿಯಲ್ಲಿದ್ದರೆ, ಮಿತಿ ಮುಗಿದ ಮೇಲೆ ನಾವು ಎಚ್ಚೆತ್ತರೆ ಹೆರಿಗೆಯ ಹೆಂಗಸಿಗೆ ಇನ್ನೂ ಮೂರು ಗಂಟೆ ಪ್ರಯಾಣ ಬಾಕಿಯಿರುತ್ತದೆ. ಆದ್ದರಿಂದ ಅಂಥ ಕೇಂದ್ರದಲ್ಲಿ ಕೆಲಸ ಮಾಡುವ ನನ್ನ ಕಿರಿಯ ಸಹೋದ್ಯೋಗಿಗಳಿಗೆ ನಾನು ಹೇಳುವುದಿಷ್ಟು: ಹೊಸ ಹಾಳೆಯನ್ನೇ ತುಂಬಿ, 5ರಿಂದಲೇ ಆರಂಭಿಸಿ, ಆದರೆ ಪ್ರತಿ ಮಿತಿಯಿಂದ ನಿಮ್ಮ ದಾರಿಯ ಗಂಟೆಗಳನ್ನು ಕಳೆದು, ಏನೂ ಉಳಿಯದಿದ್ದರೆ ಕೂಡಲೇ, ಉಳಿದರೆ ಆ ಹೊತ್ತಿಗೆ, ತಲೆ ಇಳಿದಿದೆಯೇ ಎಂದು ಮತ್ತೊಮ್ಮೆ ಹೊಟ್ಟೆ ಮುಟ್ಟಿ ನೋಡಿ, ಇಳಿದಿಲ್ಲವಾದರೆ ವಾಹನಕ್ಕೆ ಹೇಳಿ ಕಳುಹಿಸಿ.